ಬೆಳಗಿನ ಒಣಬಾಯಿಗೆ ರಾತ್ರಿಯ ನೀರು ಮದ್ದಲ್ಲ

ಮಲಗುವ ಮುನ್ನ ತಲೆದೆಸೆಗೆ ಒಂದು ಚೊಂಬು ನೀರಿಟ್ಟುಕೊಳ್ಳುವುದು ನಮ್ಮ ಮನೆಗಳ ಹಳೆಯ ರೂಢಿ. ಚೊಂಬಿನ ಜಾಗಕ್ಕೆ ಈಗ ಲೀಟರ್ ಬಾಟಲಿ ಬಂದಿದೆ, ಅಷ್ಟೇ. ಬೆಳಗ್ಗೆ ಏಳುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ, ತುಟಿ ಬಿರಿದಿರುತ್ತದೆ, ಉಗುಳು ನುಂಗೋಣವೆಂದರೆ ಬಾಯಲ್ಲಿ ಉಗುಳೇ ಇರುವುದಿಲ್ಲ. ನಿನ್ನೆ ನೀರು ಕುಡಿದಿದ್ದು ಸಾಲಲಿಲ್ಲ ಎಂದುಕೊಂಡು ಅಂದು ರಾತ್ರಿ ಒಂದು ಲೋಟ ಹೆಚ್ಚಿಗೆ ಕುಡಿಯುತ್ತೇವೆ. ನಡುರಾತ್ರಿ ಎರಡು ಸಲ ಎದ್ದು ಬಚ್ಚಲಿಗೆ ಹೋಗಿಬರುತ್ತೇವೆ. ಬೆಳಗಾದರೆ ಬಾಯಿ ಮತ್ತೆ ಒಣಗಿದ್ದೇ. ಕುಡಿದ ನೀರೆಲ್ಲ ಎಲ್ಲಿಗೆ ಹೋಯಿತು?

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಎಂದು ತಿಳಿಯುತ್ತೇವೆ. ಬಾಯಿ ಒಣಗುವುದು ಒಂದು, ದೇಹಕ್ಕೆ ನೀರು ಬೇಕಾಗುವುದು ಇನ್ನೊಂದು. ಹೀಗೆ ತಿಳಿದವರಲ್ಲಿ ನಾವು ಮೊದಲಿಗರೇನಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕೊಟ್ಟ ಉಪನ್ಯಾಸದಲ್ಲಿ, ಬಾಯಿ ಮತ್ತು ಗಂಟಲು ಒಣಗುವ ಅನುಭವವೇ ಬಾಯಾರಿಕೆ ಎಂದು ವಾದಿಸಿದರು. ಜೊಲ್ಲು ನಿಲ್ಲಿಸುವ ಅಟ್ರೋಪಿನ್ ಔಷಧಿಯನ್ನು ತಾವೇ ತೆಗೆದುಕೊಂಡು ನೋಡಿದರು. ದೇಹದಿಂದ ನೀರು ಹೋಗದಿದ್ದರೂ ಬಾಯಾರಿಕೆ ಬಂತು. ಬಾಯಿಯನ್ನು ಮರಗಟ್ಟಿಸುವ ದ್ರಾವಣದಿಂದ ಮುಕ್ಕಳಿಸಿದರೆ ಆ ಬಾಯಾರಿಕೆ ಹೋಯಿತು.

ವಾದ ಅರ್ಧ ಮಾತ್ರ ಸರಿ ಎಂದು ಆಮೇಲೆ ಗೊತ್ತಾಯಿತು. ಹುಟ್ಟಿನಿಂದಲೇ ಜೊಲ್ಲುಗ್ರಂಥಿ ಇಲ್ಲದವರು ಗಳಿಗೆಗೊಮ್ಮೆ ಬಾಯಿ ಒದ್ದೆ ಮಾಡಿಕೊಳ್ಳುತ್ತಾರೆ, ಆದರೆ ದಿನಕ್ಕೆ ಕುಡಿಯುವ ಒಟ್ಟು ನೀರು ಹೆಚ್ಚುಕಡಿಮೆ ಉಳಿದವರಷ್ಟೇ. 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಆಡುಗಳ ಮಿದುಳಿನ ಹೈಪೊಥಲಾಮಸ್ ಭಾಗಕ್ಕೆ ಉಪ್ಪುನೀರಿನ ಹನಿ ಬಿಟ್ಟಾಗ, ಬಾಯಿ ಒದ್ದೆಯಾಗಿಯೇ ಇದ್ದ ಆಡುಗಳು ಬಕೆಟ್ಟಿಗೆ ಬಾಯಿ ಹಾಕಿ ಕುಡಿಯತೊಡಗಿದವು. ನಿಜವಾದ ಬಾಯಾರಿಕೆ ಹುಟ್ಟುವುದು ಮಿದುಳಿನಲ್ಲಿ. ರಕ್ತದ ಸಾಂದ್ರತೆ ಶೇಕಡಾ ಒಂದೆರಡರಷ್ಟು ಏರಿದರೂ ಸಾಕು, ಅದು ನೀರು ಬೇಕೆನ್ನುತ್ತದೆ. ಕ್ಯಾನನ್ ಹೇಳಿದ ಒಣಬಾಯಿಯ ಬಾಯಾರಿಕೆಯೂ ಸುಳ್ಳಲ್ಲ. ಆದರೆ ಅದು ಬಾಯಿಯ ದೂರು, ದೇಹದ ದೂರಲ್ಲ. ಬೆಳಗಿನ ಹೊತ್ತು ಹೆಚ್ಚಿನವರಿಗೆ ಆಗುವುದು ಈ ಬಾಯಿಯ ದೂರೇ.

ಅದಕ್ಕೆ ಕಾರಣ ಸರಳ. ಎಚ್ಚರವಿದ್ದಾಗ, ಏನನ್ನೂ ತಿನ್ನದೆ ಸುಮ್ಮನೆ ಕೂತಿದ್ದರೂ, ನಿಮಿಷಕ್ಕೆ ಸುಮಾರು 0.3 ಮಿಲಿಲೀಟರ್ ಜೊಲ್ಲು ಬಾಯಿಗೆ ಇಳಿಯುತ್ತಿರುತ್ತದೆ. ನಿದ್ದೆ ಹತ್ತಿದಾಗ ಇದು ಬಹುತೇಕ ನಿಂತೇಹೋಗುತ್ತದೆ. ಕಿವಿಯ ಬುಡದಲ್ಲಿರುವ ದೊಡ್ಡ ಗ್ರಂಥಿಗಳಂತೂ ರಾತ್ರಿ ಪೂರ್ತಿ ರಜೆ ಹಾಕುತ್ತವೆ. ಉಗುಳು ನುಂಗಿದ ಮೇಲೆ ಬಾಯೊಳಗೆ ಉಳಿಯುವ ಜೊಲ್ಲು ಒಂದು ಮಿಲಿಲೀಟರಿಗೂ ಕಡಿಮೆ. ಹಲ್ಲು, ಕೆನ್ನೆ, ನಾಲಿಗೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಪದರವಾಗಿ ಅದು ಹರಡಿಕೊಂಡಿರುತ್ತದೆ. ತುಟಿ ಮುಚ್ಚಿ ಮಲಗಿದವರಲ್ಲಿ ಈ ಪದರ ಬೆಳಗಿನವರೆಗೂ ಹೇಗೋ ಉಳಿಯುತ್ತದೆ. ಬಾಯಿ ತೆರೆದು ಮಲಗಿದವರಲ್ಲಿ ಅದರ ಮೇಲೆ ರಾತ್ರಿಯಿಡೀ ಗಾಳಿ ಆಡುತ್ತದೆ.

ಎಷ್ಟು ಗಾಳಿ? ಎಂಟು ಗಂಟೆ ಮಲಗಿದ ವ್ಯಕ್ತಿ ಸುಮಾರು 3,000 ಲೀಟರ್ ಗಾಳಿಯನ್ನು ಒಳಗೆ ಎಳೆದು ಹೊರಗೆ ಬಿಡುತ್ತಾನೆ. ಮೂಗಿನಿಂದ ಹೋದ ಗಾಳಿ ಅಲ್ಲಿಯೇ ಬಿಸಿಯಾಗಿ, ತೇವ ಹೀರಿಕೊಂಡು ಒಳಗೆ ಇಳಿಯುತ್ತದೆ. ಉಸಿರು ಬಿಡುವಾಗ ಮೂಗಿನ ತಂಪಾದ ಗೋಡೆಗಳು ಆ ತೇವದಲ್ಲಿ ಒಂದು ಪಾಲನ್ನು ವಾಪಸು ಹಿಡಿದಿಟ್ಟುಕೊಳ್ಳುತ್ತವೆ. ಬಾಯಿಗೆ ಈ ಜಿಪುಣತನ ತಿಳಿಯದು. ಬಾಯಿಂದ ಉಸಿರು ಬಿಟ್ಟರೆ ಮೂಗಿನಿಂದ ಬಿಟ್ಟಾಗಿಗಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚು ನೀರು ಹೋಗುತ್ತದೆ ಎಂದು ಅಳೆದು ನೋಡಿದ್ದಾರೆ.

ಶೇಕಡಾ 40 ಎಂದ ಕೂಡಲೆ ಗಾಬರಿ ಬೇಡ. ನಮ್ಮೂರಿನ ಸಾಧಾರಣ ರಾತ್ರಿಯಲ್ಲಿ ಮೂಗಿನ ಉಸಿರಾಟದಿಂದ ಹೋಗುವ ನೀರು ಅಂದಾಜು 60 ಮಿಲಿಲೀಟರ್ ಎಂದುಕೊಂಡರೆ, ಬಾಯಿಂದ ಹೋಗುವುದು 85ರ ಆಸುಪಾಸು. ವ್ಯತ್ಯಾಸ 25 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚದಷ್ಟೂ ಇಲ್ಲ. ಮೂವತ್ತೈದು ನಲವತ್ತು ಲೀಟರ್ ನೀರು ಹೊತ್ತಿರುವ ದೇಹಕ್ಕೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಒಂದು ಮಿಲಿಲೀಟರಿಗೂ ಕಡಿಮೆ ಜೊಲ್ಲಿರುವ ಬಾಯಿಗೆ, ಅದೂ ಹೊಸ ಜೊಲ್ಲು ಬರುವುದು ನಿಂತಿರುವ ಹೊತ್ತಿನಲ್ಲಿ, ಇದರ ಒಂದು ಸಣ್ಣ ಪಾಲು ಹೋದರೂ ಎಲ್ಲವೂ ಹೋದಂತೆ. ಬೆಳಗಿನ ಒಣಬಾಯಿಯ ಗುಟ್ಟೆಲ್ಲ ಈ ಲೆಕ್ಕದಲ್ಲಿದೆ: ನೀರಿಗೆ ಬರ ಬಂದಿರುವುದು ಬಾಯಲ್ಲಿ ಮಾತ್ರ. ಏಸಿ ಕೋಣೆಯ ಒಣಗಾಳಿಯಲ್ಲಿ, ಚಳಿಗಾಲದ ರಾತ್ರಿಗಳಲ್ಲಿ ಇದು ಇನ್ನಷ್ಟು ಹೆಚ್ಚು. ಮಂಗಳೂರಿನ ಸೆಕೆಯಲ್ಲಿ ಬೆಳೆದವರು ದುಬೈನ ಏಸಿ ಫ್ಲ್ಯಾಟಿನಲ್ಲಿ ಮೊದಲ ವಾರ ಗಂಟಲು ಹಿಡಿದುಕೊಂಡು ಏಳುವುದು ಇದಕ್ಕೇ.

ಈಗ ಮಲಗುವ ಮುನ್ನ ಕುಡಿದ ನೀರಿನ ಹಿಂದೆ ಹೋಗೋಣ. ಹತ್ತೂವರೆಗೆ ಎರಡು ಲೋಟ ಕುಡಿದಿರಿ. ಬಾಯಲ್ಲಿ ಅದು ಇದ್ದದ್ದು ಕೆಲವೇ ಕ್ಷಣ. ಐದು ನಿಮಿಷದಲ್ಲಿ ಅದರ ಮೊದಲ ಪಾಲು ರಕ್ತ ಸೇರಲು ಶುರುವಾಗುತ್ತದೆ, ಒಂದೂವರೆ ಎರಡು ಗಂಟೆಯೊಳಗೆ ಬಹುತೇಕ ಎಲ್ಲವೂ ಸೇರಿರುತ್ತದೆ. ಹಗಲು ಸಾಕಷ್ಟು ಕುಡಿದಿದ್ದವರಿಗೆ ಈ ನೀರು ಬೇಕಾಗಿಯೇ ಇರುವುದಿಲ್ಲ. ರಕ್ತ ತೆಳುವಾಯಿತು ಎಂದು ಮಿದುಳು ಗುರುತಿಸುತ್ತದೆ, ಮೂತ್ರವನ್ನು ತಡೆಹಿಡಿಯುವ ವ್ಯಾಸೊಪ್ರೆಸಿನ್ ಹಾರ್ಮೋನನ್ನು ಇಳಿಸುತ್ತದೆ, ಮೂತ್ರಪಿಂಡ ಹೆಚ್ಚುವರಿಯನ್ನು ಸೋಸಿ ಹೊರಗೆ ಕಳಿಸುತ್ತದೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಆ ಎರಡು ಲೋಟ ಮೂತ್ರಕೋಶದಲ್ಲಿ ಕೂತು ನಿಮ್ಮನ್ನು ಎಬ್ಬಿಸುತ್ತದೆ. ಜೊಲ್ಲುಗ್ರಂಥಿಗಳಿಗೆ ಇದರ ಸುದ್ದಿಯೇ ಇಲ್ಲ. ದೇಹದಲ್ಲಿ ನೀರಿನ ಕೊರತೆಯಿದ್ದರೆ ಜೊಲ್ಲು ಕಡಿಮೆಯಾಗುವುದು ನಿಜ, ಆದರೆ ಕೊರತೆಯಿಲ್ಲದವರು ಹೆಚ್ಚಿಗೆ ಕುಡಿದರೆಂದು ನಿದ್ದೆಯಲ್ಲಿ ಜೊಲ್ಲು ಹೆಚ್ಚುವುದಿಲ್ಲ.

ಹಾಗಾದರೆ ರಾತ್ರಿಯ ನೀರು ಪೂರ್ತಿ ವ್ಯರ್ಥವೇ? ಹಾಗೂ ಹೇಳಲಾಗದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡವೊಂದು 2016ರಲ್ಲಿ ಇಲಿಗಳ ಮೇಲೆ ಮಾಡಿದ ಚೆಂದದ ಪ್ರಯೋಗವೊಂದನ್ನು ಪ್ರಕಟಿಸಿತು. ನಿದ್ದೆಗೆ ಮುಂಚಿನ ಒಂದೆರಡು ಗಂಟೆ ಇಲಿಗಳು ಹೆಚ್ಚು ನೀರು ಕುಡಿಯುತ್ತವೆ. ಆಗ ಅವುಗಳ ದೇಹದಲ್ಲಿ ಕೊರತೆಯೇನೂ ಇರುವುದಿಲ್ಲ, ಮಿದುಳಿನ ಗಡಿಯಾರವೇ ಮುಂದಿನ ಒಣ ಹೊತ್ತಿಗೆಂದು ಅವುಗಳನ್ನು ಕುಡಿಸುತ್ತದೆ. ಆ ಹೊತ್ತು ನೀರು ಸಿಗದಂತೆ ಮಾಡಿದರೆ ನಿದ್ದೆ ಮುಗಿಯುವಷ್ಟರಲ್ಲಿ ಅವು ಬಳಲಿರುತ್ತಿದ್ದವು. ಮನುಷ್ಯರಲ್ಲಿಯೂ ನಿದ್ದೆಯಲ್ಲಿ ವ್ಯಾಸೊಪ್ರೆಸಿನ್ ಏರಿ ಮೂತ್ರವನ್ನು ಕಟ್ಟಿಡುತ್ತದೆ. ಹಾಗಾಗಿ ಮಲಗುವಾಗ ಬಾಯಾರಿದ್ದರೆ ಅರ್ಧ ಲೋಟ ಕುಡಿಯಬೇಡಿ ಎನ್ನಲು ಕಾರಣವಿಲ್ಲ. ನನ್ನ ತಕರಾರು ಇರುವುದು ಬಾಯಾರಿಕೆಯಿಲ್ಲದಿದ್ದರೂ ಔಷಧಿಯಂತೆ ಕುಡಿಯುವ ಲೀಟರಿನ ಬಗ್ಗೆ.

ಆ ಲೀಟರ್ ಏನು ಮಾಡುತ್ತದೆ ಎಂಬುದಕ್ಕೆ ದಾವಣಗೆರೆಯ ಪರಿಚಯದ ವ್ಯಾಪಾರಿಯೊಬ್ಬರ ಸಂಗತಿ ಹೇಳುತ್ತೇನೆ. ವಯಸ್ಸು 52. ಅಂಗಡಿ ಮುಚ್ಚಿ ಬಂದು ಒಂಬತ್ತೂವರೆಗೆ ಊಟ: ರೊಟ್ಟಿ, ಪಲ್ಯ, ಉಪ್ಪಿನಕಾಯಿ, ಎರಡು ಹಪ್ಪಳ, ಕೊನೆಗೆ ಉಪ್ಪು ಹಾಕಿದ ಮಜ್ಜಿಗೆ. ಬೆಳಗ್ಗೆ ಬಾಯಿ ಒಣಗುತ್ತದೆಂದು ಹನ್ನೊಂದರೊಳಗೆ ಒಂದು ಬಾಟಲಿ ನೀರು. ಹನ್ನೆರಡೂವರೆಗೆ ಒಮ್ಮೆ, ಮೂರಕ್ಕೆ ಒಮ್ಮೆ ಏಳುತ್ತಿದ್ದರು. ಎದ್ದಾಗಲೆಲ್ಲ ಬಾಯಿ ಒಣಗಿರುತ್ತಿತ್ತು, ಮತ್ತೆ ನೀರು. ಸಕ್ಕರೆ ಕಾಯಿಲೆ ಬಂತೆಂದೇ ನಿಶ್ಚಯ ಮಾಡಿಕೊಂಡು ರಕ್ತ ಪರೀಕ್ಷೆ ಮಾಡಿಸಿದರು. ಬೆಳಗಿನ ಬರಿಹೊಟ್ಟೆಯ ಸಕ್ಕರೆ 94, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.5. ಎರಡೂ ಸರಿಯಾಗಿದ್ದವು.

ಕಿವಿ-ಮೂಗು-ಗಂಟಲು ವೈದ್ಯರು ಮೊದಲು ಕೇಳಿದ್ದು, "ಹಗಲಲ್ಲೂ ಬಾಯಿ ಒಣಗುತ್ತಾ?" ಇಲ್ಲ, ಎದ್ದ ಅರ್ಧ ಗಂಟೆಗೆ ಸರಿಹೋಗುತ್ತಿತ್ತು. ಆಮೇಲೆ ಅವರು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿದರು.

"ಗೊರಕೆ ಹೊಡೀತಾ ಹೊಡೀತಾ ಒಮ್ಮೆಗೇ ಸುಮ್ಮನಾಗಿಬಿಡ್ತಾರೆ ಡಾಕ್ಟ್ರೇ. ಉಸಿರೇ ನಿಂತಂಗಾಗ್ತದೆ. ನಾನು ಭುಜ ಅಲ್ಲಾಡಿಸ್ತೀನಿ, ಆಗ ಜೋರಾಗಿ ಉಸಿರೆಳೆದು ಮತ್ತೆ ಶುರು."

ಮೂಗು ನೋಡಿದರೆ ನಡುಗೋಡೆ ಎಡಕ್ಕೆ ಬಾಗಿತ್ತು, ಪಕ್ಕದ ಗೋಡೆಗಳು ಊದಿಕೊಂಡಿದ್ದವು. ಅದಕ್ಕಿಂತ ದೊಡ್ಡ ವಿಷಯ ಅವರ ಜೇಬಿನಲ್ಲಿತ್ತು: ಮೂಗು ಕಟ್ಟಿದಾಗ ಹಾಕುವ ಡ್ರಾಪ್ಸ್ ಬಾಟಲಿ. ಎರಡು ವರ್ಷದಿಂದ ದಿನಾ ರಾತ್ರಿ ಹಾಕಿಕೊಳ್ಳುತ್ತಿದ್ದರು. ಆಕ್ಸಿಮೆಟಾಜೊಲಿನ್, ಜೈಲೊಮೆಟಾಜೊಲಿನ್ ಜಾತಿಯ ಈ ಹನಿಗಳು ಐದೇ ನಿಮಿಷದಲ್ಲಿ ಮೂಗು ಬಿಡಿಸುತ್ತವೆ. ಆದರೆ ಮೂರರಿಂದ ಐದು ದಿನ ಮೀರಿ ಬಳಸಿದರೆ ಔಷಧಿಯ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ಮತ್ತೆ ಹನಿ, ಮತ್ತೆ ಕಟ್ಟುವುದು. ಹೀಗೆ ಮಲಗುವಾಗ ತೆರೆದಿದ್ದ ಮೂಗು ನಡುರಾತ್ರಿ ಮುಚ್ಚಿಕೊಂಡು ಬಾಯಿ ತೆರೆಯುತ್ತಿತ್ತು.

ಇನ್ನು ಆ ರಾತ್ರಿಯ ಮೂತ್ರ. ಅದಕ್ಕೆ ಕುಡಿದ ಲೀಟರೊಂದೇ ಕಾರಣವಾಗಿರಲಿಲ್ಲ. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿದಾಗಲೂ ಎದೆ ಉಸಿರಿಗಾಗಿ ಎಳೆಯುತ್ತಲೇ ಇರುತ್ತದೆ. ಆ ಸೆಳೆತಕ್ಕೆ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ರಕ್ತದಲ್ಲಿ ನೀರು ಹೆಚ್ಚಾಗಿದೆ ಎಂದು ಹೃದಯ ತಪ್ಪು ತಿಳಿದು, ಉಪ್ಪನ್ನೂ ನೀರನ್ನೂ ಹೊರಹಾಕುವಂತೆ ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನೊಂದನ್ನು ಬಿಡುತ್ತದೆ. ಸ್ಲೀಪ್ ಆಪ್ನಿಯಾ ಎನ್ನುವ ಈ ತೊಂದರೆ ಇರುವವರಲ್ಲಿ ಒಣಬಾಯಿಯೊಂದಿಗೆ ಏಳುವುದು ಬರೀ ಗೊರಕೆ ಹೊಡೆಯುವವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಒಣಬಾಯಿ, ಮೂತ್ರಕ್ಕೆ ಏಳುವುದು, ಗೊರಕೆ, ಹಗಲು ತೂಕಡಿಕೆ ಒಟ್ಟಿಗೆ ಕಂಡರೆ ಸಕ್ಕರೆಯ ಜೊತೆಗೆ ಇದನ್ನೂ ಅನುಮಾನಿಸಬೇಕು. ನಮ್ಮಲ್ಲಿ ಮೊದಲನೆಯದನ್ನು ಎಲ್ಲರೂ ಅನುಮಾನಿಸುತ್ತಾರೆ, ಎರಡನೆಯದನ್ನು ಯಾರೂ ಕೇಳುವುದಿಲ್ಲ.

ಅವರಿಗೆ ರಾತ್ರಿ ನಿದ್ದೆಯ ಪರೀಕ್ಷೆ ಆಯಿತು. ಗಂಟೆಗೆ 22 ಸಲ ಉಸಿರು ನಿಲ್ಲುವುದೋ ತೀರಾ ತಗ್ಗುವುದೋ ಆಗುತ್ತಿತ್ತು. ಇದು ಮಧ್ಯಮ ತೀವ್ರತೆಯ ಆಪ್ನಿಯಾ. ಡ್ರಾಪ್ಸ್ ನಿಂತಿತು, ಬದಲಿಗೆ ಸ್ಟೀರಾಯ್ಡ್ ಸ್ಪ್ರೇ ಬಂತು. ಈ ಸ್ಪ್ರೇ ಕೂಡಲೆ ಕೆಲಸ ಮಾಡುವುದಿಲ್ಲ, ಒಂದೆರಡು ವಾರ ಬೇಕು. ಎರಡನೆಯ ದಿನವೇ "ಇದು ಉಪಯೋಗವಿಲ್ಲ" ಎಂದು ಬಿಸಾಡುವವರೇ ಹೆಚ್ಚು. ಮಲಗುವಾಗ ಸಿಪ್ಯಾಪ್ ಯಂತ್ರದ ಮಾಸ್ಕ್ ಕೊಟ್ಟರು. ಮೊದಲ ವಾರ ಬಾಯಿ ಮೊದಲಿಗಿಂತ ಹೆಚ್ಚು ಒಣಗಿತು, ಏಕೆಂದರೆ ಮೂಗಿಗೆ ಬಿಟ್ಟ ಗಾಳಿ ತೆರೆದ ಬಾಯಿಂದ ಸೋರಿ ಹೋಗುತ್ತಿತ್ತು. ಗಾಳಿಗೆ ತೇವ ಸೇರಿಸುವ ನೀರಿನ ಡಬ್ಬಿಯನ್ನು ಯಂತ್ರಕ್ಕೆ ಜೋಡಿಸಿ, ಬಾಯನ್ನೂ ಮುಚ್ಚುವ ಮಾಸ್ಕ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು. ನೀರು ಕಡಿಮೆ ಮಾಡಿ ಎಂದು ವೈದ್ಯರು ಹೇಳಲಿಲ್ಲ. ಅದೇ ನೀರನ್ನು ಸಂಜೆ ಏಳರೊಳಗೆ ಕುಡಿಯಿರಿ, ರಾತ್ರಿಯ ಹಪ್ಪಳ ಉಪ್ಪಿನಕಾಯಿ ಬಿಡಿ ಎಂದರು. ಈಗ ರಾತ್ರಿ ಒಮ್ಮೆ ಏಳುತ್ತಾರೆ, ಕೆಲವು ದಿನ ಅದೂ ಇಲ್ಲ.

ಉಪ್ಪಿನ ಮಾತು ಬಂದದ್ದರಿಂದ ಒಂದು ಸಂಗತಿ. ಜಪಾನಿನ ನಾಗಾಸಾಕಿಯ ವೈದ್ಯರು 2017ರಲ್ಲಿ ವರದಿ ಮಾಡಿದಂತೆ, ದಿನಕ್ಕೆ 10.7 ಗ್ರಾಂ ಇದ್ದ ಉಪ್ಪನ್ನು 8 ಗ್ರಾಂಗೆ ಇಳಿಸಿದವರಲ್ಲಿ ರಾತ್ರಿ ಏಳುವುದು ಸರಾಸರಿ 2.3 ಸಲದಿಂದ 1.4ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗೆ ಇರಲಿ ಎನ್ನುತ್ತದೆ. ತಡರಾತ್ರಿಯ ಉಪ್ಪು ರಕ್ತವನ್ನು ಸಾಂದ್ರಗೊಳಿಸಿ ನಿಜವಾದ ಬಾಯಾರಿಕೆಯನ್ನೇ ಹುಟ್ಟಿಸುತ್ತದೆ. ಆಗ ಕುಡಿದ ನೀರು ಉಪ್ಪಿನೊಂದಿಗೆ ಹೊರಗೆ ಹೋಗಲು ನಿಮ್ಮನ್ನು ಎಬ್ಬಿಸಲೇಬೇಕು.

ನಿಮ್ಮದು ಬಾಯಿಯ ದೂರೋ ದೇಹದ ದೂರೋ ತಿಳಿಯಲು ಮನೆಯಲ್ಲೇ ನೋಡಬಹುದು. ಎದ್ದ ಕೂಡಲೆ ನೀರು ಕುಡಿಯದೆ ಚೆನ್ನಾಗಿ ಬಾಯಿ ಮುಕ್ಕಳಿಸಿ ಉಗಿಯಿರಿ, ಹಲ್ಲುಜ್ಜಿ, ಹದಿನೈದು ನಿಮಿಷ ಬಿಡಿ. ಬಾಯಾರಿಕೆ ಮರೆತೇಹೋದರೆ ಅದು ಬಾಯಿಯದು. ಕಾಯುವುದು ಮುಖ್ಯ, ಏಕೆಂದರೆ ನಿಜವಾದ ಬಾಯಾರಿಕೆಯೂ ಬಾಯಿ ಒದ್ದೆಯಾದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಬರುತ್ತದೆ. ಬೆಳಗಿನ ಮೊದಲ ಮೂತ್ರ ಗಾಢ ಹಳದಿ ಇದೆಯೆಂದು ನೀರಿನ ಕೊರತೆ ಎನ್ನಬೇಡಿ. ರಾತ್ರಿ ಹಾರ್ಮೋನು ಮೂತ್ರವನ್ನು ಗಟ್ಟಿಮಾಡಿರುವುದರಿಂದ ಅದು ಎಲ್ಲರಲ್ಲೂ ಗಾಢವೇ. ಬೆಳಗ್ಗೆ ಎಂದಿನಷ್ಟು ಕುಡಿದ ಮೇಲೂ ಎರಡನೆಯ ಸಲದ್ದು ಗಾಢವಾಗಿದ್ದರೆ ಹಗಲು ಕುಡಿಯುವ ನೀರು ಸಾಲುತ್ತಿಲ್ಲ. ಬಿ-ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಬಣ್ಣದ ಲೆಕ್ಕ ಸಲ್ಲದು.

ಮೂಗಿನ ಪರೀಕ್ಷೆ ಇನ್ನೂ ಸುಲಭ. ಒಂದು ದೊಡ್ಡ ಚಮಚ ನೀರನ್ನು ನುಂಗದೆ ಬಾಯಲ್ಲಿಟ್ಟುಕೊಂಡು ತುಟಿ ಮುಚ್ಚಿ ಮೂರು ನಿಮಿಷ ಕೂರಿ. ಆರಾಮವಾಗಿ ಕೂತಿರಿ ಎಂದರೆ ಎಚ್ಚರದಲ್ಲಿ ನಿಮ್ಮ ಮೂಗು ಸಾಕಷ್ಟು ತೆರೆದಿದೆ. ಬಾಯಿ ತೆರೆಯುತ್ತಿರುವುದು ಅಂಗಾತ ಮಲಗಿದಾಗ ದವಡೆ ಜಾರುವುದರಿಂದ ಇರಬಹುದು. ಮಗ್ಗುಲಾಗಿ ಮಲಗಿ ನೋಡಿ. ಒಂದೇ ನಿಮಿಷಕ್ಕೆ ಉಸಿರುಕಟ್ಟಿದಂತಾಗಿ ನೀರು ಉಗಿಯಬೇಕಾಯಿತು ಎಂದರೆ ಕೆಲಸವಿರುವುದು ಮೂಗಿಗೆ. ಅಂಥವರು ಸಾಮಾಜಿಕ ಜಾಲತಾಣಗಳಲ್ಲಿ ನೋಡಿ ತುಟಿಗೆ ಟೇಪ್ ಅಂಟಿಸಿಕೊಂಡು ಮಲಗಲೇಬಾರದು. ಮುಚ್ಚಿದ ಮೂಗಿನವರಿಗೆ ಉಳಿದಿರುವ ದಾರಿ ಬಾಯಿಯೊಂದೇ. ಧೂಳು, ಪಾರ್ಥೇನಿಯಂ ಪರಾಗದಂಥ ಅಲರ್ಜಿಯಿಂದ ಮೂಗು ಕಟ್ಟುವವರು ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮೂಗು ತೊಳೆದುಕೊಳ್ಳಬಹುದು. ನೀರು ಕುದಿಸಿ ಆರಿಸಿದ್ದೇ ಆಗಿರಬೇಕು, ನಲ್ಲಿಯದೋ ಬಾವಿಯದೋ ನೇರವಾಗಿ ಬೇಡ. ಮೂಗಿಗಿಳಿದ ಅಮೀಬಾ ಮಿದುಳು ಸೇರುವ ಅಪಾಯ ಅಪರೂಪದ್ದಾದರೂ ನಿಜ.

ಒಣಗಿದ ಬಾಯಿಯ ಪೆಟ್ಟು ಬೀಳುವುದು ಹಲ್ಲಿಗೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಹತ್ತು ಮಂದಿಯ ಮೂಗಿಗೆ ಕ್ಲಿಪ್ ಹಾಕಿ ಮಲಗಿಸಿ ಬಾಯೊಳಗಿನ ಆಮ್ಲೀಯತೆ ಅಳೆದರು. ಪಿಎಚ್ ಸರಾಸರಿ 7ರಿಂದ 6.6ಕ್ಕೆ ಇಳಿಯಿತು, ಕೆಲವು ಗಳಿಗೆಗಳಲ್ಲಿ 3.6ರವರೆಗೂ ಹೋಯಿತು. ಹಲ್ಲಿನ ಮೇಲ್ಪದರ ಸುಮಾರು 5.5ರ ಕೆಳಗೆ ಕರಗತೊಡಗುತ್ತದೆ. ಬಾಯಿ ತೆರೆದು ಮಲಗುವವರು ಸಕ್ಕರೆ ಹಾಕಿದ ಹಾಲು ಕುಡಿದು ಹಾಗೇ ಮಲಗಬಾರದು. ಕೊನೆಗೆ ಹಲ್ಲುಜ್ಜಿ ಒಂದು ಗುಟುಕು ನೀರು ಸಾಕು.

ಇಷ್ಟೆಲ್ಲ ಹೇಳಿದ್ದು ಎಲ್ಲರಿಗೂ ಅನ್ವಯಿಸುವುದಿಲ್ಲ. ಮೂತ್ರಪಿಂಡದಲ್ಲಿ ಕಲ್ಲಾಗುವವರಿಗೆ ಮಲಗುವ ಮುನ್ನ ನೀರು ಕುಡಿಯಿರಿ ಎಂದು ವೈದ್ಯರೇ ಹೇಳಿರುತ್ತಾರೆ, ಅವರು ಬಿಡಬಾರದು. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಮಂದವಾಗಿರುತ್ತದೆ, ರಾತ್ರಿ ಏಳಬೇಕಾಗುತ್ತದೆಂದು ಅವರ ಹಗಲಿನ ನೀರು ಕಡಿತಗೊಳಿಸಬೇಡಿ. ಹಗಲಿನಲ್ಲೂ ಬಾಯಿ ಒಣಗಿ, ನೀರಿಲ್ಲದೆ ಚಪಾತಿ ನುಂಗಲಾಗದೆ, ಕಣ್ಣಲ್ಲಿ ಮರಳು ಬಿದ್ದಂತೆ ಆಗುತ್ತಿದ್ದರೆ ಅದು ಗ್ರಂಥಿಗಳ ಕಾಯಿಲೆ ಇರಬಹುದು. ಶೀತ, ಅಲರ್ಜಿ, ಖಿನ್ನತೆ, ಮೂತ್ರಕೋಶದ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಹಗಲೂ ರಾತ್ರಿಯೂ ಬಾಯಾರಿ, ಲೋಟಗಟ್ಟಲೆ ಕುಡಿದು, ಅಷ್ಟೇ ಮೂತ್ರ ಹೋಗಿ, ತೂಕವೂ ಇಳಿಯುತ್ತಿದ್ದರೆ ಸಕ್ಕರೆ ಪರೀಕ್ಷೆಯನ್ನು ನಾಳೆಗೆ ಮುಂದೂಡಬೇಡಿ.

ಉಳಿದವರು ಮೂಗು ತೋರಿಸಲು ಹೋಗುವಾಗ ಪಕ್ಕದಲ್ಲಿ ಮಲಗುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಬರಲಾಗದಿದ್ದರೆ ನಿಮ್ಮ ಗೊರಕೆಯನ್ನು ಹತ್ತು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಡಲು ಹೇಳಿ. ನಿದ್ದೆಯಲ್ಲಿ ನಿಮ್ಮ ಬಾಯಿ ತೆರೆದಿತ್ತೇ, ಉಸಿರು ನಿಂತಿತ್ತೇ ಎಂಬುದು ನಿಮ್ಮನ್ನು ಕೇಳಿದರೆ ವೈದ್ಯರಿಗೆ ಗೊತ್ತಾಗುವುದಿಲ್ಲ.